ಹತ್ತು ಅಂಕದ ಪ್ರಶ್ನೆಯನ್ನು ಆ ಮಕ್ಕಳಿಂದ ಕಿತ್ತುಕೊಳ್ಳಬೇಡಿ

ಇತಿಹಾಸ ಪಾಠ ಮಾಡುವ ಮೇಷ್ಟ್ರೇ, ಮೇಡಂ, ಪರೀಕ್ಷೆ ಹತ್ತಿರ ಬಂದಾಗ ನೀವು ಹಂಚುವ ಜೆರಾಕ್ಸ್ ಕಟ್ಟನ್ನು ಒಮ್ಮೆ ಮೇಜಿನ ಮೇಲೆ ಬಿಡಿಸಿಡಿ. ಪಾಸಿಂಗ್ ಪ್ಯಾಕೇಜ್ ಅಂತ ಅದರ ಹೆಸರು. ಒಂದಂಕದ್ದು, ಎರಡಂಕದ್ದು, ಒಂದು ನಕ್ಷೆ. ದೀರ್ಘ ಉತ್ತರದ ಪ್ರಶ್ನೆಗಳು ಅದರಲ್ಲಿ ಇರುವುದೇ ಕಡಿಮೆ. ಇದ್ದರೂ ನಾಲ್ಕು ಪಾಯಿಂಟು, ಪ್ರತಿ ಪಾಯಿಂಟಿನ ಮೊದಲ ಅಕ್ಷರಕ್ಕೆ ಅಡಿಗೆರೆ; ಅಕ್ಷರ ನೆನಪಿದ್ದರೆ ಸಾಕು, ಉತ್ತರ ತಾನಾಗಿ ಬರುತ್ತದೆ ಎಂಬ ಲೆಕ್ಕ. ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನ ಸುತ್ತಮುತ್ತ ಹಾಡಿಗಳಿಂದ ಬರುವ ಹುಡುಗ ಹುಡುಗಿಯರನ್ನು ನಾವು ಹಿಂದೆಮುಂದೆ ನೋಡದೆ ‘ನಿಧಾನ ಕಲಿಕೆ’ಯ ಪಟ್ಟಿಗೆ ಸೇರಿಸುತ್ತೇವೆ, ಈ ಕಟ್ಟು ಕೊಟ್ಟು ಕಳಿಸುತ್ತೇವೆ. ಪ್ರಬಂಧದ ಪ್ರಶ್ನೆ ಅವರ ಪಾಲಿಗೆ ಅಲ್ಲೇ ಮುಗಿಯಿತು.

ಇದನ್ನು ಯಾರೂ ದುರುದ್ದೇಶದಿಂದ ಮಾಡುವುದಿಲ್ಲ, ಗೊತ್ತು. ಫಲಿತಾಂಶ ಇಳಿದರೆ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದವರು ನೀವೇ. ಆದರೂ ಕೇಳುತ್ತೇನೆ: ಯಾವ ಮಗು ವಾದ ಮಾಡಬಲ್ಲದು, ಯಾವುದು ಬರೀ ಇಸವಿ ಒಪ್ಪಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ಮೊದಲು ಎರಡಂಕದ ಪ್ರಶ್ನೆಯನ್ನೇ ನೋಡೋಣ. ‘ಹಲಗಲಿಯ ಬೇಡರು ಬ್ರಿಟಿಷರ ವಿರುದ್ಧ ದಂಗೆ ಎದ್ದದ್ದೇಕೆ?’ ಹತ್ತನೇ ತರಗತಿಯಲ್ಲಿ ಇದನ್ನು ಓದದವರಿಲ್ಲ. ಗೈಡಿನ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ: 1857ರಲ್ಲಿ ಬ್ರಿಟಿಷರು ಆಯುಧಗಳನ್ನು ನಿಷೇಧಿಸಿದರು, ಬೇಡರು ಅದನ್ನು ವಿರೋಧಿಸಿದರು. ಇದರಲ್ಲಿ ಏನಾಯಿತು ಎಂಬುದಿದೆ; ಏಕೆ ಎಂಬುದಿಲ್ಲ. ಅದೇ ಆದೇಶ ಎಷ್ಟೋ ಊರುಗಳಿಗೆ ಅನ್ವಯಿಸಿತ್ತು. ಮುಧೋಳ ಸೀಮೆಯ ಹಲಗಲಿ ಹೊತ್ತಿ ಉರಿಯುವಷ್ಟು ಅದು ಬೇಡರನ್ನೇ ಏಕೆ ತಟ್ಟಿತು? ಅವರು ಬೇಟೆಯವರು, ಆಯುಧ ಅವರ ಹೊಟ್ಟೆಪಾಡು, ಅವರ ಮಾನ. ಆದ್ದರಿಂದ ಮಾದರಿ ಉತ್ತರದ ಚೌಕಟ್ಟು ಇಷ್ಟಿರಬೇಕು: ಆದೇಶ ಏನು ಎಂಬುದಕ್ಕೆ ಒಂದು ಅಂಕ, ಅದು ಇವರ ಬದುಕಿಗೆ ಹೇಗೆ ಪೆಟ್ಟಾಯಿತು ಎಂಬುದಕ್ಕೆ ಇನ್ನೊಂದು. ‘ಆಯುಧ ಇಲ್ಲದಿದ್ದರೆ ಬೇಟೆ ಇಲ್ಲ, ಬೇಟೆ ಇಲ್ಲದಿದ್ದರೆ ಊಟ ಇಲ್ಲ’ ಎಂದು ಜೇನುಕುರುಬರ ಹುಡುಗನೊಬ್ಬ ಬರೆದರೆ ಆ ಎರಡನೇ ಅಂಕ ಪೂರ್ತಿ ಅವನದು. ಪುಸ್ತಕದ ವಾಕ್ಯ ಅಲ್ಲ ಎಂದು ಅರ್ಧ ಅಂಕ ಕಡಿಯುವ ಕೆಂಪು ಪೆನ್ನು ನಮ್ಮಲ್ಲಿ ಎಷ್ಟು ಜನರ ಜೇಬಿನಲ್ಲಿದೆಯೋ!

ಬಾಯಿಪಾಠ ಎಲ್ಲಿ ಕೈಕೊಡುತ್ತದೆ ಎಂಬುದು ಮೌಲ್ಯಮಾಪನಕ್ಕೆ ಕೂತವರಿಗೆಲ್ಲ ಗೊತ್ತು. ಮಿರ್ಜಾ ಇಸ್ಮಾಯಿಲ್ ಬಗ್ಗೆ ಕೇಳಿದರೆ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿಸಿದರು ಎಂದು ಬರೆದಿರುತ್ತಾರೆ. ವಿಶ್ವವಿದ್ಯಾನಿಲಯ 1916ರದ್ದು, ಆಗ ದಿವಾನರು ವಿಶ್ವೇಶ್ವರಯ್ಯ. ಮಿರ್ಜಾ ದಿವಾನರಾದದ್ದು 1926ರಲ್ಲಿ. ಇಬ್ಬರ ಪಾಯಿಂಟುಗಳೂ ಒಂದೇ ಅಚ್ಚಿನಲ್ಲಿ ತಲೆಗಿಳಿದಿರುವುದರಿಂದ ಹೆಸರು ಬದಲಾದರೂ ಉತ್ತರ ಬದಲಾಗುವುದಿಲ್ಲ. ಒಂದು ಕೊಠಡಿಯ ಇಪ್ಪತ್ತು ಪತ್ರಿಕೆಗಳಲ್ಲಿ ಒಂದೇ ತಪ್ಪು ಒಂದೇ ಜಾಗದಲ್ಲಿ ಕಂಡರೆ, ಅದು ಮಕ್ಕಳ ತಪ್ಪಲ್ಲ, ಜೆರಾಕ್ಸಿನದು.

ಈಗ ಹತ್ತು ಅಂಕಕ್ಕೆ ಬರೋಣ. ಬೇಗೂರಿನ ಮಕ್ಕಳಿಗೆ ನಾನು ಕೊಡಬಯಸುವ ಪ್ರಶ್ನೆ ಇದು: ‘1971ರಿಂದ 2006ರವರೆಗೆ ಕಾಕನಕೋಟೆ ಮತ್ತು ಕಬಿನಿ ಹಿನ್ನೀರಿನ ಸುತ್ತಲ ಕಾಡುಜನರ ಬದುಕು ಹೇಗೆ ಬದಲಾಯಿತು? ಕಾರಣಸಹಿತ ವಿವರಿಸಿ.’

ಪೀಠಿಕೆ ಖೆಡ್ಡಾದಿಂದ ಶುರುವಾಗಲಿ. ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್‌ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಆರಂಭಿಸಿದ ಆನೆ ಹಿಡಿಯುವ ಈ ಪದ್ಧತಿ ಮುಂದೆ ಕಾಕನಕೋಟೆಯಲ್ಲಿ ಹೆಸರಾಯಿತು. ಹಿಂಡನ್ನು ಹೊಳೆಗಿಳಿಸಿ, ದಾಟಿಸಿ, ದೊಡ್ಡಿಗೆ ತುಂಬುವುದನ್ನು ನೋಡಲು ಮಹಾರಾಜರ ಅತಿಥಿಗಳು ಬರುತ್ತಿದ್ದರು. ಆನೆಯ ಜಾಡು ಹಿಡಿಯಲು, ಹಿಡಿದ ಆನೆಯನ್ನು ಪಳಗಿಸಲು ಕುರುಬರೇ ಬೇಕಿತ್ತು. ಫೋಟೋದಲ್ಲಿ ಅತಿಥಿಗಳ ಹೆಸರಿರುತ್ತದೆ, ಇವರದಿರುವುದಿಲ್ಲ. ಇಷ್ಟು ಬರೆದರೆ ಪೀಠಿಕೆಯ ಒಂದು ಅಂಕ ಸಂದಿತು.

ವಿವರಣೆಯಲ್ಲಿ ನಾಲ್ಕು ತಿರುವುಗಳಿವೆ, ಎಲ್ಲವೂ ನಾಲ್ಕೇ ವರ್ಷದೊಳಗೆ. 1971ರಲ್ಲಿ ಕೊನೆಯ ಖೆಡ್ಡಾ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾ ನಡೆದ ಜಾಗವೇ ನೀರಿನಡಿ ಹೋಯಿತು. ಇಸವಿಗಳನ್ನು ಪಟ್ಟಿ ಮಾಡಿದರೆ ಅರ್ಧ ಅಂಕವಷ್ಟೇ. ಪ್ರತಿ ತಿರುವಿಗೂ ಕಾರಣ ಮತ್ತು ಪರಿಣಾಮ ಸೇರಿಸಿದರೆ ಒಂದೂವರೆ. ವಿದ್ಯಾರ್ಥಿ ಎಡವುವುದೂ ಇಲ್ಲೇ. ‘ಕಾಯ್ದೆ ಬಂದದ್ದರಿಂದ ಖೆಡ್ಡಾ ನಿಂತಿತು’ ಎಂದು ಸಲೀಸಾಗಿ ಬರೆದುಬಿಡುತ್ತಾರೆ. ಕೊನೆಯ ಖೆಡ್ಡಾ ಕಾಯ್ದೆಗಿಂತ ಒಂದು ವರ್ಷ ಹಿಂದಿನದು, ಕಣಿವೆ ಮುಳುಗಲಿತ್ತು. ಕಾರಣ ಎಂದೂ ಕಾರ್ಯದ ನಂತರ ಬರಲಾರದು ಎಂಬ ಪಾಠ ಇಷ್ಟು ನಿಚ್ಚಳವಾಗಿ ಬೇರೆಲ್ಲಿ ಸಿಗುತ್ತದೆ?

ಇನ್ನೊಂದು ಎಡವಟ್ಟು, ಎಲ್ಲ ಒಕ್ಕಲೆಬ್ಬಿಸುವಿಕೆಯನ್ನೂ ಒಂದೇ ಮಾಡುವುದು. ಅಣೆಕಟ್ಟೆಗೆ ಹೋದ ಜಮೀನೇ ಬೇರೆ, ರಾಷ್ಟ್ರೀಯ ಉದ್ಯಾನಕ್ಕಾಗಿ ಹೋದ ಹಾಡಿಗಳೇ ಬೇರೆ. ಒಂದು ನೀರಾವರಿಯ ಕೆಲಸ, ಇನ್ನೊಂದು ಅರಣ್ಯ ಇಲಾಖೆಯದು. ಪಹಣಿ ಇದ್ದವನು ಪರಿಹಾರದ ಅರ್ಜಿಯ ಜೊತೆ ಅದನ್ನು ತೋರಿಸಬಲ್ಲ. ಕಾಗದವೇ ಇಲ್ಲದೆ ತಲೆಮಾರುಗಳಿಂದ ಕಾಡಲ್ಲಿದ್ದವನು ಏನು ತೋರಿಸಬೇಕು? ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ ಎರಡನ್ನೂ ಕಲಸಿ ಹೇಳಬಹುದು. ಆಗ ಮಗು ಮರಳಿ ಕೇಳಬೇಕು: ‘ಅಜ್ಜಿ, ಹೊಳೆಗೆ ನೀರು ನಿಲ್ಲುವ ಮೊದಲಾ, ಆಮೇಲಾ?’ ಆ ಒಂದು ಪ್ರಶ್ನೆ 1974ನ್ನು ಗೂಟ ಮಾಡಿ ನಿಲ್ಲಿಸುತ್ತದೆ. ಮೌಖಿಕ ಆಧಾರವನ್ನು ಲಿಖಿತ ಆಧಾರದ ಜೊತೆ ತಾಳೆ ನೋಡುವುದು ಎಂದರೆ ಇದೇ. ಹೀಗೆ ತಾಳೆ ನೋಡಿದ ಒಂದು ಸಾಕ್ಷ್ಯ ಉತ್ತರದಲ್ಲಿದ್ದರೆ ಒಂದು ಅಂಕ ಕೊಡಿ.

ಇನ್ನೊಂದು ಅಂಕ ಎದುರುವಾದಕ್ಕೆ. ಕಾಯ್ದೆ, ಹುಲಿ ಯೋಜನೆ ಇಲ್ಲದಿದ್ದರೆ ಈ ಕಾಡು ಇಷ್ಟಾದರೂ ಉಳಿಯುತ್ತಿತ್ತೇ? ಕಬಿನಿ ನೀರು ಕೆಳಗಿನ ಗದ್ದೆಗಳಿಗೆ ಹರಿದದ್ದು ಸುಳ್ಳೇ? ನೊಂದ ಮನೆಯ ಮಗುವೇ ಇದನ್ನೂ ಬರೆಯುವಂತೆ ಕಲಿಸಬೇಕು. ಕಷ್ಟದ ಮಾತು, ಆದರೆ ಅನುಕಂಪಕ್ಕೆ ಅಂಕ ಕೊಟ್ಟರೆ ಅದೂ ಇನ್ನೊಂದು ಪಾಸಿಂಗ್ ಪ್ಯಾಕೇಜೇ. ಉಳಿದ ಒಂದು ಅಂಕ ಉಪಸಂಹಾರಕ್ಕೆ: 2006ರ ಅರಣ್ಯ ಹಕ್ಕು ಕಾಯ್ದೆ ಅವರ ಹಕ್ಕನ್ನು ಕಾಗದದ ಮೇಲೆ ಒಪ್ಪಿತು. ನಾಗರಹೊಳೆಯಿಂದ 3,418 ಆದಿವಾಸಿ ಕುಟುಂಬಗಳು ಹೊರಬಿದ್ದಿದ್ದವು ಎಂದು ಹೈಕೋರ್ಟ್ ನೇಮಿಸಿದ್ದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಪೀಠಿಕೆ ಒಂದು, ತಿರುವುಗಳಿಗೆ ಆರು, ಸಾಕ್ಷ್ಯ ಒಂದು, ಎದುರುವಾದ ಒಂದು, ಉಪಸಂಹಾರ ಒಂದು. ಹತ್ತು ಸರಿಹೋಯಿತು.

ಬೋರ್ಡಿನ ಪತ್ರಿಕೆಯಲ್ಲಿ ಇಂಥದ್ದು ಬರುವುದಿಲ್ಲ, ನಮ್ಮ ಕೈಯಲ್ಲೇನಿದೆ ಎನ್ನುತ್ತೀರಿ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿದೆ. ಪ್ರಾಜೆಕ್ಟಿನ ವಿಷಯ ನಿಮ್ಮ ಕೈಯಲ್ಲಿದೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಇತಿಹಾಸ ಮೇಷ್ಟ್ರುಗಳು ಒಂದು ಶನಿವಾರ ಮಧ್ಯಾಹ್ನ ಕೂತರೆ ತಾಲ್ಲೂಕಿಗೊಂದರಂತೆ ನಾಲ್ಕು ಪ್ರಬಂಧದ ಪ್ರಶ್ನೆ, ಅಂಕ ಹಂಚಿಕೆ ಸಮೇತ, ಸಂಜೆಯೊಳಗೆ ತಯಾರಾಗುತ್ತದೆ. ಮುಂದಿನ ಕಿರುಪರೀಕ್ಷೆಗೆ ಅದರಲ್ಲಿ ಒಂದನ್ನು ಹಾಕಿ, ‘ನಿಧಾನ ಕಲಿಕೆ’ಯ ಪಟ್ಟಿಯಲ್ಲಿರುವವರಿಗೂ ಅದನ್ನೇ ಕೊಡಿ. ಹಾಳೆ ಕಡಿಮೆ ಬಿದ್ದರೆ ಹೆಚ್ಚುವರಿ ಹಾಳೆ ಕಟ್ಟಿಕೊಡಿ.