ಓದಿನ ಅಂಗಳ: ನಾಲ್ಕೂ ಸರಿ ಅನ್ನಿಸಿದಾಗ



ಕಳೆದ ತಿಂಗಳು ಶನಿವಾರದ ತರಗತಿ ಮುಗಿದ ಮೇಲೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಇಂಗ್ಲಿಷ್ ಅಭ್ಯಾಸ ಪತ್ರಿಕೆ ಹಿಡಿದುಕೊಂಡು ಬಂದಳು. ಕಥೆ ಪುಸ್ತಕ ಸಿಕ್ಕರೆ ಊಟ ಮರೆಯುವ ಹುಡುಗಿ. ಆದರೆ ಪ್ಯಾಸೇಜ್ ಓದಿ ಉತ್ತರಿಸುವ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಆರರಲ್ಲಿ ಮೂರು ತಪ್ಪು. "ಮಿಸ್, ನಾಲ್ಕೂ ಸರಿಯಾಗೇ ಇದೆಯಲ್ಲ. ಯಾವುದನ್ನ ಹೊಡೆದು ಹಾಕಲಿ?" ಎಂದಳು. ಪಕ್ಕದಲ್ಲಿದ್ದ ಅಮ್ಮ, "ಇನ್ನೊಂದು ಸಲ ಗಮನವಿಟ್ಟು ಓದು ಅಂತ ನಾನು ಹೇಳ್ತಾನೇ ಇದ್ದೀನಿ" ಎಂದರು.

ಆ ಪತ್ರಿಕೆ ನೋಡಿದ ಮೇಲೆ ನನಗೆ ನನ್ನ ತಪ್ಪೇ ಕಂಡಿತು. "ತಪ್ಪಾದ ಆಯ್ಕೆಗಳನ್ನು ಮೊದಲು ಹೊಡೆದು ಹಾಕಿ" ಎಂದು ನಾನೇ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಅವಳು ಅದನ್ನೇ ಮಾಡಿದ್ದಳು. ಪ್ರತಿ ಆಯ್ಕೆಯನ್ನೂ ಓದಿ, "ಇದು ನಿಜವೇ?" ಎಂದು ಕೇಳಿಕೊಂಡಿದ್ದಳು. ಮೂರಕ್ಕೆ ಹೌದು ಎಂಬ ಉತ್ತರ ಬಂದಿತ್ತು. ಎಷ್ಟು ಗಮನವಿಟ್ಟು ಓದಿದರೂ ಅದು ಹೌದೇ ಆಗುತ್ತಿತ್ತು, ಏಕೆಂದರೆ ಅವಳು ಕೇಳಿಕೊಂಡ ಪ್ರಶ್ನೆಯೇ ಬೇರೆ. ಕೇಳಿಕೊಳ್ಳಬೇಕಾದದ್ದು ಇಷ್ಟು: "ಇದು ಈ ಪ್ರಶ್ನೆಗೆ, ಈ ಪ್ಯಾಸೇಜ್ ಕೊಡುವ ಉತ್ತರವೇ?"

ಪ್ರಶ್ನೆ ತಯಾರಿಸುವವರು ಸರಿಯುತ್ತರದ ಜೊತೆಗೆ ಇಡುವ ಉಳಿದ ಮೂರು ಆಯ್ಕೆಗಳಿಗೆ ಡಿಸ್ಟ್ರಾಕ್ಟರ್ ಎನ್ನುತ್ತಾರೆ, ಅಂದರೆ ದಾರಿ ತಪ್ಪಿಸುವ ಆಯ್ಕೆಗಳು. ಪೂರ್ತಿ ಸುಳ್ಳನ್ನು ಯಾರೂ ಆರಿಸುವುದಿಲ್ಲ. ಆದ್ದರಿಂದ ಒಳ್ಳೆಯ ಡಿಸ್ಟ್ರಾಕ್ಟರ್‌ನಲ್ಲಿ ಒಂದಿಷ್ಟು ಸತ್ಯ ಇದ್ದೇ ಇರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವಲ್ಲ, ಹಾಗೆಯೇ ಇದು. ಸತ್ಯ ಇದೆಯೇ ಎಂದು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಎಲ್ಲಿ ಕೆಟ್ಟಿದೆ ಎಂದು ಹುಡುಕಬೇಕು.

ಒಂದು ಉದಾಹರಣೆಯನ್ನು ಕೂತು ಬಿಡಿಸೋಣ. ನಾವು ಇರುವ ಈ ಊರುಗಳದ್ದೇ ವಿಷಯ.

ಪ್ಯಾಸೇಜ್

ತೈಲ ಸಿಗುವ ಮೊದಲು ದುಬೈ ಮತ್ತು ಅಬುಧಾಬಿ ಕರಾವಳಿಯ ಅನೇಕ ಕುಟುಂಬಗಳು ಮುತ್ತಿನ ದುಡಿಮೆಯನ್ನು ನಂಬಿದ್ದವು. ಬೇಸಿಗೆಯಲ್ಲಿ ಸುಮಾರು ನಾಲ್ಕು ತಿಂಗಳು ಹಡಗುಗಳು ಕಡಲಿನಲ್ಲೇ ಇರುತ್ತಿದ್ದವು. ಮುಳುಗುವವರು ಮೂಗಿಗೆ ಕ್ಲಿಪ್ ಹಾಕಿ, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು ತಳಕ್ಕೆ ಇಳಿಯುತ್ತಿದ್ದರು. ಅವರಲ್ಲಿ ಹಲವರು ಹೊರಡುವ ಮೊದಲೇ ಮುಂಗಡ ಹಣ ಪಡೆದಿರುತ್ತಿದ್ದರು. ಋತು ಮುಗಿದ ಮೇಲೂ ಸಾಲ ಪೂರ್ತಿ ತೀರುತ್ತಿರಲಿಲ್ಲ. 1929ರಲ್ಲಿ ಜಗತ್ತಿನಾದ್ಯಂತ ಆರ್ಥಿಕ ಕುಸಿತ ಶುರುವಾಗಿ, ಮುತ್ತಿನ ಗಿರಾಕಿಗಳು ಕಡಿಮೆಯಾದರು. ಅದೇ ಕಾಲಕ್ಕೆ ಜಪಾನಿನಲ್ಲಿ ಬೆಳೆಸಿದ ಕೃಷಿ ಮುತ್ತು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂತು. 1930ರ ದಶಕದಲ್ಲಿ ಇಲ್ಲಿನ ಮುತ್ತಿನ ವ್ಯಾಪಾರ ಕುಸಿದುಬಿತ್ತು. ಅಬುಧಾಬಿಯಲ್ಲಿ ತೈಲ ಸಿಕ್ಕಿದ್ದು 1958ರಲ್ಲಿ, ದುಬೈಯಲ್ಲಿ 1966ರಲ್ಲಿ.

ಪ್ರಶ್ನೆ: ಪ್ಯಾಸೇಜ್ ಪ್ರಕಾರ ಇಲ್ಲಿನ ಮುತ್ತಿನ ವ್ಯಾಪಾರ ಕುಸಿಯಲು ಕಾರಣವೇನು?

(ಎ) ಮುಳುಗುವವರಲ್ಲಿ ಹಲವರು ಸಾಲದಲ್ಲಿ ಸಿಲುಕಿದ್ದರು.
(ಬಿ) ಜಪಾನಿನ ಅಗ್ಗದ ಕೃಷಿ ಮುತ್ತು ಮಾತ್ರ ಇದಕ್ಕೆ ಕಾರಣ.
(ಸಿ) ಕೊಳ್ಳುವವರ ಕೊರತೆ ಮತ್ತು ಕಡಿಮೆ ಬೆಲೆಯ ಪರ್ಯಾಯ ಒಂದೇ ಸಮಯಕ್ಕೆ ಬಂದವು.
(ಡಿ) ತೈಲ ಸಿಕ್ಕಿದ ಮೇಲೆ ಜನ ಮುತ್ತಿನ ಕೆಲಸ ಬಿಟ್ಟರು.

ಮೊದಲು ನಾಲ್ಕೂ ಆಯ್ಕೆಗಳನ್ನು ಕೈಯಿಂದ ಮುಚ್ಚಿ. ಪ್ರಶ್ನೆ ಮಾತ್ರ ಓದಿ, ಉತ್ತರವನ್ನು ನಿಮ್ಮದೇ ಮಾತಿನಲ್ಲಿ, ಬೇಕಾದರೆ ಮನೆಯ ಕನ್ನಡದಲ್ಲೇ ಹೇಳಿಕೊಳ್ಳಿ: "ಗಿರಾಕಿ ಕಡಿಮೆಯಾದರು, ಜೊತೆಗೆ ಅಗ್ಗದ ಮುತ್ತು ಬಂತು." ಇಷ್ಟು ಸಾಕು. ಆಯ್ಕೆಗಳನ್ನು ಮೊದಲು ಓದಿದರೆ ಅವೇ ನಮಗೆ ಉತ್ತರ ಹೇಳಿಕೊಡಲು ಶುರು ಮಾಡುತ್ತವೆ. ನಮ್ಮದೊಂದು ಉತ್ತರ ಕೈಯಲ್ಲಿದ್ದರೆ ಅದನ್ನು ಆಯ್ಕೆಗಳ ಪಕ್ಕದಲ್ಲಿಟ್ಟು ನೋಡಬಹುದು.

ಈಗ ಕೈ ತೆಗೆಯಿರಿ.

(ಎ) ನಿಜ. ಪ್ಯಾಸೇಜ್‌ನಲ್ಲೇ ಇದೆ, ಸಾಲಿನ ಮೇಲೆ ಬೆರಳಿಟ್ಟು ತೋರಿಸಬಹುದು. ಆದರೆ ಅದು ಮುಳುಗುವವರ ಬದುಕಿನ ಬಗ್ಗೆ ಹೇಳಿದ ಮಾತು, ವ್ಯಾಪಾರ ಏಕೆ ಕುಸಿಯಿತು ಎಂಬುದಕ್ಕೆ ಕೊಟ್ಟ ಕಾರಣವಲ್ಲ. ವ್ಯಾಪಾರ ಚೆನ್ನಾಗಿದ್ದಾಗಲೂ ಸಾಲ ಇತ್ತು. ಇದು ಬೇರೆ ಪ್ರಶ್ನೆಯೊಂದರ ಉತ್ತರ. ಗಮನವಿಟ್ಟು ಓದುವ ಮಕ್ಕಳು ಹೆಚ್ಚಾಗಿ ಬೀಳುವುದು ಇಲ್ಲೇ, ಏಕೆಂದರೆ "ಇದನ್ನ ನಾನು ಓದಿದ್ದೀನಿ" ಎಂಬ ಧೈರ್ಯ ಅವರಿಗಿರುತ್ತದೆ.

(ಬಿ) ಇಲ್ಲಿ ಕೆಟ್ಟಿರುವುದು ಒಂದೇ ಪದ: "ಮಾತ್ರ". ಆ ಪದ ತೆಗೆದರೆ ಅರ್ಧ ಉತ್ತರ, ಇಟ್ಟರೆ ತಪ್ಪು ಉತ್ತರ. ಪ್ಯಾಸೇಜ್ ಎರಡು ಕಾರಣ ಹೇಳಿದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಓನ್ಲಿ, ಆಲ್ವೇಸ್, ನೆವರ್, ಆಲ್ ಎಂಬ ಪದಗಳು ಕಂಡಾಗ ಅವುಗಳ ಕೆಳಗೆ ಗೆರೆ ಎಳೆದು ಪ್ಯಾಸೇಜ್‌ಗೆ ಹಿಂತಿರುಗಿ. ಆದರೆ ಇದನ್ನು ಕಣ್ಣು ಮುಚ್ಚಿ ಪಾಲಿಸಬೇಡಿ. ಪ್ಯಾಸೇಜೇ "ಇದೊಂದೇ ಕಾರಣ" ಎಂದು ಹೇಳಿದ್ದರೆ ಆ "ಮಾತ್ರ" ಸರಿಯೇ ಆಗುತ್ತದೆ. ಆ ಪದ ಕಂಡರೆ ಹೋಗಿ ನೋಡಬೇಕು, ಕಂಡ ಕೂಡಲೇ ಹೊಡೆದು ಹಾಕಬಾರದು.

(ಡಿ) ನಮ್ಮ ಮಕ್ಕಳನ್ನು ಅತಿ ಸುಲಭವಾಗಿ ಸೆಳೆಯುವುದು ಇದು. ಇಲ್ಲಿ ಬೆಳೆದವರಿಗೆಲ್ಲ ಗೊತ್ತು: ಮೊದಲು ಮುತ್ತು, ಆಮೇಲೆ ತೈಲ. ಎರಡೂ ಮಾತು ಪ್ಯಾಸೇಜ್‌ನಲ್ಲೂ ಇವೆ. ಆದರೆ ಇಸವಿ ನೋಡಿ. ಕುಸಿದದ್ದು 1930ರ ದಶಕದಲ್ಲಿ, ತೈಲ ಸಿಕ್ಕಿದ್ದು 1958ರಲ್ಲಿ. ಸುಮಾರು ಇಪ್ಪತ್ತು ವರ್ಷ ಆಮೇಲೆ ಆದದ್ದು ಮೊದಲು ಆದದ್ದಕ್ಕೆ ಕಾರಣವಾಗಲಾರದು. ಒಂದಾದ ಮೇಲೊಂದು ಬಂದ ಎರಡು ನಿಜ ಸಂಗತಿಗಳ ನಡುವೆ "ಆದ್ದರಿಂದ" ಎಂಬ ಸುಳ್ಳು ಕೊಂಡಿ ಹಾಕಿದ್ದಾರೆ. ಇಂಥ ಆಯ್ಕೆಯಲ್ಲಿ ಸಂಗತಿಗಳನ್ನಲ್ಲ, ಕೊಂಡಿಯನ್ನು ಪರೀಕ್ಷಿಸಬೇಕು.

ಉಳಿದದ್ದು (ಸಿ). ಇದರಲ್ಲಿ ಜಪಾನ್ ಎಂಬ ಪದವಿಲ್ಲ, ಕೃಷಿ ಮುತ್ತು ಎಂಬ ಪದವಿಲ್ಲ, ಇಸವಿಯೂ ಇಲ್ಲ. ಆದರೂ ನಾವು ನಮ್ಮ ಮಾತಿನಲ್ಲಿ ಹೇಳಿಕೊಂಡದ್ದೇ ಇದು. "ಗಿರಾಕಿಗಳು ಕಡಿಮೆಯಾದರು" ಎಂಬುದು "ಕೊಳ್ಳುವವರ ಕೊರತೆ" ಆಗಿದೆ, "ಅಗ್ಗದ ಕೃಷಿ ಮುತ್ತು" ಎಂಬುದು "ಕಡಿಮೆ ಬೆಲೆಯ ಪರ್ಯಾಯ" ಆಗಿದೆ. ಸರಿಯುತ್ತರ ಹೀಗೆ ಬಟ್ಟೆ ಬದಲಿಸಿಕೊಂಡು ಬರುವುದುಂಟು. ಪ್ಯಾಸೇಜ್‌ನ ಪದಗಳನ್ನೇ ಎತ್ತಿ ಇಟ್ಟ ಆಯ್ಕೆ ಪರಿಚಯದ ಮುಖದಂತೆ ಕಂಡು ಮೋಸ ಮಾಡುತ್ತದೆ.

ಕೊನೆಗೆ ಎರಡು ಉಳಿದರೆ?

ಬಹಳ ಮಕ್ಕಳ ಕಷ್ಟ ಇದು: ಎರಡನ್ನು ತೆಗೆದೆ, ಇನ್ನೆರಡರ ನಡುವೆ ಸಿಕ್ಕಿಕೊಂಡೆ. ಮೂರು, ನಾಲ್ಕು ಸಲ ಓದಿದೆ, ಕೊನೆಗೆ ಸರಿಯಿದ್ದದ್ದನ್ನು ಬಿಟ್ಟು ತಪ್ಪನ್ನು ಬರೆದೆ. ಪ್ಯಾಸೇಜ್‌ನಲ್ಲಿ ನೇರವಾಗಿ ಹೇಳದೆ, ನಾವು ಊಹಿಸಿ ಹೇಳಬೇಕಾದ ಪ್ರಶ್ನೆಗಳಲ್ಲಿ ಇದು ಹೆಚ್ಚು. ಇದೇ ಪ್ಯಾಸೇಜ್‌ನಿಂದ, ಮುಳುಗುವವರ ಬಗ್ಗೆ ಏನನ್ನು ಊಹಿಸಬಹುದು ಎಂದು ಕೇಳಿದರೆನ್ನಿ. ಉಳಿದ ಎರಡು ಇವು:

(ಎ) ಋತುವೆಲ್ಲ ದುಡಿದರೂ ಹಲವರ ಕೈಯಲ್ಲಿ ಹೆಚ್ಚು ಹಣ ಉಳಿಯುತ್ತಿರಲಿಲ್ಲ.
(ಬಿ) ಮುಂಗಡ ಕೊಟ್ಟವರು ಅವರಿಗೆ ಬೇಕೆಂದೇ ಮೋಸ ಮಾಡುತ್ತಿದ್ದರು.

ಎರಡನ್ನೂ ಮತ್ತೆ ಮತ್ತೆ ಇಡಿಯಾಗಿ ಓದಬೇಡಿ. ಎರಡೂ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಮಾತ್ರ ಗುರುತಿಸಿ. ಇಲ್ಲಿ ವ್ಯತ್ಯಾಸ "ಬೇಕೆಂದೇ ಮೋಸ" ಎಂಬ ಮಾತಿನಲ್ಲಿದೆ. ಈಗ ಪ್ಯಾಸೇಜ್‌ಗೆ ಹೋಗಿ ಅದಕ್ಕೆ ಆಧಾರ ಕೇಳಿ. ಸಾಲ ತೀರುತ್ತಿರಲಿಲ್ಲ ಎಂದಿದೆ. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎಂದು ಒಂದು ಪದವೂ ಇಲ್ಲ. (ಎ)ಗೆ ಹೋಗಲು ಪ್ಯಾಸೇಜ್‌ನಿಂದ ಒಂದು ಹೆಜ್ಜೆ ಸಾಕು. (ಬಿ)ಗೆ ಹೋಗಲು ಎರಡು ಹೆಜ್ಜೆ ಬೇಕು, ಎರಡನೆಯದು ನಮ್ಮ ಕಲ್ಪನೆಯದು. ಮೆತ್ತಗೆ ಹೇಳಿದ ಆಯ್ಕೆ ಕೆಲವೊಮ್ಮೆ ಸಪ್ಪೆ ಎನಿಸುತ್ತದೆ, ಗಟ್ಟಿಯಾಗಿ ಹೇಳಿದ್ದು ಬುದ್ಧಿವಂತಿಕೆಯ ಉತ್ತರದಂತೆ ಕಾಣುತ್ತದೆ. ಊಹೆಯ ಪ್ರಶ್ನೆಯಲ್ಲಿ ಆ ಸೆಳೆತಕ್ಕೆ ಬೀಳಬಾರದು.

ಈ ವಿಧಾನಕ್ಕೂ ಒಂದು ಮಿತಿಯಿದೆ. ಪ್ಯಾಸೇಜ್ ಅಥವಾ ಪ್ರಶ್ನೆಯೇ ಸರಿಯಿಲ್ಲದಿದ್ದರೆ ಯಾವ ಜರಡಿಯೂ ಕೆಲಸ ಮಾಡದು. 2021ರ ಡಿಸೆಂಬರ್‌ನಲ್ಲಿ ಸಿಬಿಎಸ್‌ಇ ಹತ್ತನೇ ತರಗತಿಯ ಮೊದಲ ಅವಧಿಯ ಪರೀಕ್ಷೆ ಪೂರ್ತಿ ಬಹು ಆಯ್ಕೆಯದಾಗಿತ್ತು. ಇಂಗ್ಲಿಷ್ ಪತ್ರಿಕೆಯ ಒಂದು ಪ್ಯಾಸೇಜ್ ಮಹಿಳೆಯರ ಬಗ್ಗೆ ಹೇಳಿದ ಮಾತುಗಳಿಂದ ದೊಡ್ಡ ವಿವಾದವಾಗಿ, ಲೋಕಸಭೆಯಲ್ಲೂ ಪ್ರಸ್ತಾಪವಾಯಿತು. ಕೊನೆಗೆ ಮಂಡಳಿ ಆ ಪ್ಯಾಸೇಜನ್ನೂ ಅದರ ಪ್ರಶ್ನೆಗಳನ್ನೂ ಕೈಬಿಟ್ಟು, ಮಕ್ಕಳಿಗೆ ಅದರ ಪೂರ್ಣ ಅಂಕ ಕೊಟ್ಟಿತು. ಹಾಗಾಗುವುದು ಅಪರೂಪ. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಯ ಜೊತೆ ಜಗಳಕ್ಕೆ ನಿಂತರೆ ಹೋಗುವುದು ನಿಮ್ಮ ಸಮಯ. ಹೆಚ್ಚು ಆಧಾರವಿರುವ ಆಯ್ಕೆಯನ್ನು ಗುರುತಿಸಿ ಮುಂದೆ ಹೋಗಿ. ಬದಲಿಸುವುದಾದರೆ ಹೊಸ ಸಾಲೊಂದು ಕಣ್ಣಿಗೆ ಬಿದ್ದಾಗ ಬದಲಿಸಿ, ಬರೀ ಅನುಮಾನ ಬಂತೆಂದು ಬೇಡ.

ಪೋಷಕರಿಗೆ

"ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ನಾನು ಹೇಗೆ ಹೇಳಿಕೊಡಲಿ?" ಎಂದು ಕೇಳುವವರಿದ್ದೀರಿ. ಇದಕ್ಕೆ ನಿಮ್ಮ ಇಂಗ್ಲಿಷ್ ಬೇಕಿಲ್ಲ. ಮಗು ಉತ್ತರ ಹೇಳಿದ ಮೇಲೆ ಕನ್ನಡದಲ್ಲಿ ಎರಡೇ ಪ್ರಶ್ನೆ ಕೇಳಿ: "ಎಲ್ಲಿದೆ, ತೋರಿಸು" ಮತ್ತು "ಉಳಿದ ಮೂರು ಯಾಕೆ ಅಲ್ಲ?" ಎರಡನೆಯದೇ ಮುಖ್ಯ. ಉತ್ತರ ಸರಿಯಿದ್ದಾಗಲೂ ಕೇಳಿ, ಏಕೆಂದರೆ ನಾಲ್ಕರಲ್ಲಿ ಒಂದು ಸುಮ್ಮನೆ ಕುರುಡು ಹೊಡೆತಕ್ಕೂ ಸಿಗುತ್ತದೆ. ತಪ್ಪಾದ ಉತ್ತರಗಳ ಪಕ್ಕದಲ್ಲಿ ಮಗುವೇ ಪೆನ್ಸಿಲಿನಲ್ಲಿ ಬರೆಯಲಿ: "ಬೇರೆ ಪ್ರಶ್ನೆಯ ಉತ್ತರ", "ಮಾತ್ರ", "ಸುಳ್ಳು ಕೊಂಡಿ", "ಎರಡನೇ ಹೆಜ್ಜೆ". ನಾಲ್ಕೈದು ಪ್ಯಾಸೇಜ್ ಆದ ಮೇಲೆ ಪುಟ ತಿರುವಿ ನೋಡಿದರೆ ಒಂದೇ ಮಾತು ಮತ್ತೆ ಮತ್ತೆ ಕಾಣಬಹುದು. ನಿಮ್ಮ ಮಗು ಎಲ್ಲಿ ಎಡವುತ್ತಿದೆ ಎಂದು ಆಗ ಗೊತ್ತಾಗುತ್ತದೆ.

ಮೊದಲು ಹೇಳಿದ ಹುಡುಗಿಯ ಮೂರು ತಪ್ಪುಗಳನ್ನೂ ಹಾಗೆಯೇ ನೋಡಿದೆವು. ಮೂರೂ "ಬೇರೆ ಪ್ರಶ್ನೆಯ ಉತ್ತರ". ಪ್ಯಾಸೇಜನ್ನು ಅವಳು ಚೆನ್ನಾಗಿಯೇ ಓದಿದ್ದಳು; ಪ್ರಶ್ನೆಯನ್ನು ಅವಸರದಲ್ಲಿ ಓದಿದ್ದಳು. ಈಗ ಅವಳು ಪ್ರಶ್ನೆಯಲ್ಲಿ ಏನು ಕೇಳಿದ್ದಾರೋ ಆ ಒಂದು ಪದಕ್ಕೆ ವೃತ್ತ ಹಾಕಿಯೇ ಮುಂದೆ ಹೋಗುತ್ತಾಳೆ. ಅಮ್ಮ "ಗಮನವಿಟ್ಟು ಓದು" ಎನ್ನುವುದನ್ನು ಬಿಟ್ಟು "ಏನು ಕೇಳಿದ್ದಾರೆ?" ಎನ್ನುತ್ತಾರಂತೆ.

ಈ ತಿಂಗಳ ಮನೆಗೆಲಸ

ಮೇಲಿನ ಪ್ಯಾಸೇಜ್‌ಗೆ ಸರಿಯಾದ ಶೀರ್ಷಿಕೆ ಯಾವುದು? ಒಂದು ಆಯ್ಕೆ ತೀರ ಚಿಕ್ಕದು, ಒಂದು ತೀರ ದೊಡ್ಡದು, ಒಂದು ಪ್ಯಾಸೇಜ್‌ನ ಒಂದೇ ಸಾಲಿಗೆ ಇಡೀ ಗೌರವ ಕೊಟ್ಟಿದೆ. ಪ್ರತಿಯೊಂದರ ಮುಂದೆ ಕಾರಣ ಬರೆಯಿರಿ.

(ಎ) ಮುಳುಗುವವರ ಮೂಗಿನ ಕ್ಲಿಪ್ ಮತ್ತು ಕಲ್ಲು
(ಬಿ) ಅರಬ್ ಸಂಯುಕ್ತ ಸಂಸ್ಥಾನದ ಇತಿಹಾಸ
(ಸಿ) ಜಪಾನಿನ ಕೃಷಿ ಮುತ್ತಿನ ಗೆಲುವು
(ಡಿ) ಕರಾವಳಿಯ ಮುತ್ತಿನ ದುಡಿಮೆ: ಬದುಕು ಮತ್ತು ಕುಸಿತ

ಉತ್ತರವನ್ನು ಮುಂದಿನ ಶನಿವಾರ ತರಗತಿಗೆ ತನ್ನಿ, ಮಕ್ಕಳೇ. ಸರಿಯುತ್ತರಕ್ಕಿಂತ ಉಳಿದ ಮೂರರ ಮುಂದೆ ನೀವು ಏನು ಬರೆದಿದ್ದೀರಿ ಎಂಬುದನ್ನು ನಾನು ಮೊದಲು ನೋಡುತ್ತೇನೆ.