ಒಡೆಯನ ಚೀಟಿ, ಮಗುವಿನ ಹಕ್ಕು

ಬಾಡಿಗೆ ಮನೆಯ ಒಡೆಯ ಚೀಟಿ ಬರೆದುಕೊಟ್ಟರೆ ಮಾತ್ರ ಮಗು ಸರ್ಕಾರಿ ಶಾಲೆಗೆ ಸೇರಬೇಕೆ? ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಹಾಗೆ ಎಲ್ಲೂ ಬರೆದಿಲ್ಲ. ಆದರೂ ಶಾಲೆ ಶುರುವಾಗುವ ಹೊತ್ತಿಗೆ ಬೆಂಗಳೂರಿನ ಶೀಟಿನ ಮನೆಗಳ ತಾಯಂದಿರು ಒಡೆಯನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಾರೆ.

ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಒಂದು ದಲಿತ ಸಂಸಾರವನ್ನೇ ನೋಡಿ. ಎರಡು ವರ್ಷದಿಂದ ಒಂದೇ ಕೋಣೆ. ಬಾಡಿಗೆ ಕೈಗೆ ಕೊಡೋದು, ರಸೀದಿ ಇಲ್ಲ, ಕರಾರು ಇಲ್ಲ. ಕರೆಂಟ್ ಬಿಲ್ಲು ಒಡೆಯನ ಹೆಸರಿಗೆ, ರೇಷನ್ ಕಾರ್ಡು ಊರಿನ ವಿಳಾಸಕ್ಕೆ. ಏಳು ವರ್ಷದ ಮಗಳನ್ನು ಸೇರಿಸಲು ಹೋದರೆ ಮೇಷ್ಟ್ರು, "ಇಲ್ಲೇ ಇದ್ದೀರಿ ಅಂತ ಓನರ್ ಹತ್ರ ಬರೆಸ್ಕೊಂಡು ಬನ್ನಿ" ಅಂದರು.

"ಅಣ್ಣಾರ, ಒಂದು ಚೀಟಿ ಬರದು ಕೊಡ್ರಿ, ಮಗಳ್ನ ಸಾಲಿಗೆ ಹಚ್ಚಬೇಕ್ರಿ."

"ಕೊಟ್ರೆ ನಾಳೆ ಮನೇನೇ ನಂದು ಅಂತ ಕೂತ್ಕೋತೀರ. ಅಂದ್ಹಾಗೆ, ನೀವು ಯಾವ ಜನ?"

ಮೊದಲ ಮಾತು ಬರೀ ನೆಪ. ಆ ಚೀಟಿಯಲ್ಲಿರೋದು ಇಷ್ಟೇ: ಇಂಥವರು, ಇಂಥ ಮನೆಯಲ್ಲಿ, ಇಂಥ ತಿಂಗಳಿಂದ ಬಾಡಿಗೆಗಿದ್ದಾರೆ, ತಾರೀಖು, ಸಹಿ. ಅದರಿಂದ ಮನೆಯ ಒಡೆತನ ಯಾರಿಗೂ ಬರುವುದಿಲ್ಲ. ವಿಷ ಇರುವುದು ಎರಡನೇ ಮಾತಿನಲ್ಲಿ. ಜಾತಿ ಹೇಳಿದರೆ ಮನೆ ಸಿಗದ ಊರಿನಲ್ಲಿ ಹೇಳದೆ ಸೇರಿಕೊಂಡವರಿಗೆ, ಚೀಟಿ ಕೇಳುವುದೆಂದರೆ ಇರುವ ಸೂರನ್ನೇ ಪಣಕ್ಕಿಟ್ಟಂತೆ.

ಮೇಷ್ಟ್ರಿಗೆ ಇದು ಒಂದು ಹಾಳೆ. ಆ ತಾಯಿಗೆ ಇದು ಜಾತಿಯ ಪರೀಕ್ಷೆ.

2009ರ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯ ಹಕ್ಕು ಕೊಟ್ಟಿದೆ. ವಯಸ್ಸಿನ ದಾಖಲೆ ಇಲ್ಲವೆಂದೂ ಪ್ರವೇಶ ನಿರಾಕರಿಸಬಾರದು ಅನ್ನುತ್ತದೆ 14ನೇ ಕಲಂ. ವಲಸೆ ಬಂದ ಕುಟುಂಬದ ಮಕ್ಕಳನ್ನು ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಅನ್ನುತ್ತದೆ 9ನೇ ಕಲಂ. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿತು. ಇಷ್ಟೆಲ್ಲ ಕೈಬಿಟ್ಟ ಮೇಲೆ ಒಡೆಯನ ಸಹಿಯೊಂದು ಯಾಕೆ ಕಡ್ಡಾಯ? ಖಾಸಗಿ ಶಾಲೆಯ ಶೇಕಡ 25ರ ಸೀಟಿಗೆ ವಿಳಾಸದ ದಾಖಲೆ ಬೇಕಾಗುತ್ತದೆ, ಅದು ಬೇರೆ ಲೆಕ್ಕ. ಸರ್ಕಾರಿ ಶಾಲೆಗೆ ಆ ಲೆಕ್ಕ ತರಬೇಡಿ.

ಸಂಘಟನೆಯ ಗೆಳೆಯರೇ, ಒಡೆಯನ ಬಾಗಿಲಿಗೆ ಅಲ್ಲ, ಶಾಲೆಯ ಬಾಗಿಲಿಗೆ ಹೋಗಿ. ಪ್ರವೇಶದ ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಬಾಯಲ್ಲಿ ಆಗಲ್ಲ ಅನ್ನುವವರು ಬರೆದುಕೊಡಲು ಅಂಜುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಹಾಕಿ, 32ನೇ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೂ ದೂರು ಕೊಡಿ. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅಷ್ಟು ದಿನ ಮಗು ಹೊರಗೆ ಕೂರಬಾರದು. ಮೊದಲು ತರಗತಿಯಲ್ಲಿ ಕೂರಿಸಿ ಅಂತ ಹಟ ಹಿಡಿಯಿರಿ.

ಮೇಷ್ಟ್ರೇ, ನಿಮಗೂ ಒಂದು ಮಾತು. ಮಗು ಎಲ್ಲಿದೆ ಅಂತ ತಿಳಿಯಬೇಕಾದರೆ ಹೆಸರು ಬರೆದುಕೊಂಡು ಸಂಜೆ ಆ ಬೀದಿಗೆ ನಡೆದುಹೋಗಿ ನೋಡಿ. ಒಡೆಯನ ಚೀಟಿಗಿಂತ ನಿಮ್ಮ ಕಣ್ಣು ಗಟ್ಟಿ ಸಾಕ್ಷಿ.