ತಕ್ಕಡಿ ಸಮವಾದ ಮೇಲೆ ಹೆಬ್ಬೆರಳು ಯಾಕೆ?

ಅಂಗಡಿಯ ತಕ್ಕಡಿಯಲ್ಲಿ ಎರಡು ತಟ್ಟೆಗಳೂ ಸಮನಾಗಿ, ಮುಳ್ಳು ನೆಟ್ಟಗೆ ನಿಂತ ಮೇಲೆ ವ್ಯಾಪಾರಿಯು ಒಂದು ತಟ್ಟೆಯ ಮೇಲೆ ಹೆಬ್ಬೆರಳು ಒತ್ತಿದರೆ ಗಿರಾಕಿ ಸುಮ್ಮನಿರುತ್ತಾನೆಯೆ? ಬೀದಿಯ ಜನರನ್ನೆಲ್ಲ ಕೂಗಿ ಕರೆಯುತ್ತಾನೆ. ಆದರೆ ನಮ್ಮ ಮಕ್ಕಳ ಅರ್ಹತಾಪಟ್ಟಿಯನ್ನು ತೂಗುವ ಅಧಿಕಾರಿ ಮಹಾಶಯರು ಇದೇ ಕೆಲಸ ಮಾಡಿದಾಗ ನಾವು ಅದಕ್ಕೆ ‘ನಿಯಮ’ ಎಂದು ತಲೆಬಾಗುತ್ತೇವೆ. ಇಬ್ಬರು ಮಕ್ಕಳಿಗೆ ಒಂದೇ ಅಂಕ ಬಂದರೆ ಯಾರು ಮೇಲೆ, ಯಾರು ಕೆಳಗೆ ಎಂದು ತೀರ್ಮಾನಿಸುವ ನಿಯಮದ ವಿಚಾರವಾಗಿಯೇ ನಾವು ಈ ವಾರ ಬರೆಯುತ್ತಿದ್ದೇವೆ.

ವೈದ್ಯಕೀಯ ಸೀಟಿಗೆ ನಡೆಯುವ ನೀಟ್ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಒಟ್ಟು 720 ಅಂಕ. ಅದರಲ್ಲಿ ಜೀವಶಾಸ್ತ್ರಕ್ಕೆ 360, ರಸಾಯನಶಾಸ್ತ್ರಕ್ಕೆ 180, ಭೌತಶಾಸ್ತ್ರಕ್ಕೆ 180. ಸರಿಯುತ್ತರಕ್ಕೆ ನಾಲ್ಕು ಅಂಕ ಕೊಡುತ್ತಾರೆ, ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ. 2022ರಲ್ಲಿ ಈ ಪರೀಕ್ಷೆಯನ್ನು ಬರೆದವರು 17 ಲಕ್ಷಕ್ಕೂ ಹೆಚ್ಚು ಮಂದಿ. ಬರಬಹುದಾದ ಅಂಕಗಳೋ ಸಾವಿರದೊಳಗೆ. ಹೀಗಿರುವಾಗ ಒಂದೊಂದು ಅಂಕದ ಮೆಟ್ಟಿಲಿನ ಮೇಲೆ ನೂರಾರು, ಸಾವಿರಾರು ಮಕ್ಕಳು ಒಟ್ಟಿಗೆ ನಿಲ್ಲುವುದು ಅನಿವಾರ್ಯ. ಸರಕಾರಿ ಕಾಲೇಜಿನ ಕೊನೆಯ ಸೀಟು ಅಂಥ ಒಂದು ಮೆಟ್ಟಿಲಿನ ನಡುವೆ ಬಂದು ನಿಂತರೆ, ಅದೇ ಅಂಕದ ಒಬ್ಬನಿಗೆ ಸೀಟು, ಇನ್ನೊಬ್ಬನಿಗೆ ಖಾಸಗಿ ಕಾಲೇಜಿನ ಶುಲ್ಕದ ಚೀಟಿ. ಗಿರಣಿ ಕೂಲಿಯಲ್ಲಿ ಬದುಕುವ ಮನೆಗೆ ಆ ಚೀಟಿ ಎಂದರೆ ಬಾಗಿಲು ಮುಚ್ಚಿತೆಂದೇ ಅರ್ಥ.

ಇವರನ್ನು ಬೇರ್ಪಡಿಸುವ ಮೊದಲ ಅಸ್ತ್ರ ವಿಷಯವಾರು ಅಂಕ. ಜೀವಶಾಸ್ತ್ರದಲ್ಲಿ ಹೆಚ್ಚು ಪಡೆದವನು ಮೇಲೆ. ಅದೂ ಸಮವಾದರೆ ರಸಾಯನಶಾಸ್ತ್ರ ನೋಡುವುದು. “ವೈದ್ಯನಾಗುವವನಿಗೆ ಜೀವಶಾಸ್ತ್ರ ಮುಖ್ಯವಲ್ಲವೆ?” ಎಂದು ಇದರ ಪಕ್ಷದವರು ಕೇಳುತ್ತಾರೆ. ಕೇಳಲು ಸೊಗಸಾಗಿದೆ. ಲೆಕ್ಕ ಹಾಕಿ ನೋಡೋಣ.

ಇಬ್ಬರು ವಿದ್ಯಾರ್ಥಿಗಳಿಗೆ 600 ಅಂಕ ಬಂದಿದೆಯೆನ್ನಿ. ಮೊದಲನೆಯವನಿಗೆ ಜೀವಶಾಸ್ತ್ರ 310, ರಸಾಯನ 150, ಭೌತ 140. ಎರಡನೆಯವಳಿಗೆ ಜೀವಶಾಸ್ತ್ರ 300, ರಸಾಯನ 150, ಭೌತ 150. ನಿಯಮದ ಪ್ರಕಾರ ಹುಡುಗ ಮೇಲೆ. ಆದರೆ ಒಟ್ಟು ಅಂಕ ಒಂದೇ ಇರುವಾಗ, ಒಂದು ವಿಷಯದಲ್ಲಿ ಹತ್ತು ಹೆಚ್ಚಿದ್ದವನಿಗೆ ಉಳಿದ ವಿಷಯಗಳಲ್ಲಿ ಹತ್ತು ಕಡಿಮೆ ಇರಲೇಬೇಕು. ಇಲ್ಲಿ ನಿಯಮವು ಜಾಣನನ್ನು ಹುಡುಕಿ ತೆಗೆಯಲಿಲ್ಲ. ಹುಡುಗಿಯ ಭೌತಶಾಸ್ತ್ರದ ಹತ್ತು ಅಂಕಗಳನ್ನು ಸದ್ದಿಲ್ಲದೆ ಹೊಡೆದುಹಾಕಿತು. ಜೀವಶಾಸ್ತ್ರ ಮುಖ್ಯವೆಂಬ ಕಾರಣಕ್ಕೇ ಅದಕ್ಕೆ ಒಟ್ಟು ಅಂಕದ ಅರ್ಧಪಾಲನ್ನು ಮೊದಲೇ ಕೊಟ್ಟಾಗಿದೆ. ಅಳೆದು ಸುರಿದ ಅದೇ ಸೇರನ್ನು ಮತ್ತೊಮ್ಮೆ ಅಳೆದು ತೋರಿಸುವುದು ಯಾವ ನ್ಯಾಯ?

2022ರಲ್ಲಿ ಪಟ್ಟಿಯ ತುದಿಯಲ್ಲಿಯೇ ಇದು ನಡೆಯಿತು. ನಾಲ್ವರಿಗೆ 715 ಅಂಕ. ಇದು ಬರುವ ದಾರಿ ಒಂದೇ: 179 ಸರಿ, ಒಂದು ತಪ್ಪು. ಅಂದರೆ ನಾಲ್ವರೂ ತಪ್ಪಿದ್ದು ಒಂದೊಂದೇ ಪ್ರಶ್ನೆ. ಆ ಒಂದು ತಪ್ಪು ಭೌತಶಾಸ್ತ್ರದಲ್ಲಿ ಆದವರು ಮೇಲೆ ಉಳಿಯುತ್ತಾರೆ, ಜೀವಶಾಸ್ತ್ರದಲ್ಲಿ ಆದವರು ಕೆಳಗೆ ಇಳಿಯುತ್ತಾರೆ. ನಾಲ್ವರಿಗೂ ಬೇರೆ ಬೇರೆ ಸ್ಥಾನ ಕೊಟ್ಟರು. ಅವರಲ್ಲಿ ಇಬ್ಬರು ನಮ್ಮ ಕರ್ನಾಟಕದ ಮಕ್ಕಳು. ಅವರಿಗೆ ಸಿಕ್ಕಿದ್ದು ಮೂರನೆಯ ಮತ್ತು ನಾಲ್ಕನೆಯ ಸ್ಥಾನ. ಇವರಿಗಿಂತ ಮೊದಲ ಸ್ಥಾನದವರು ಒಂದೇ ಒಂದು ಪ್ರಶ್ನೆಗಾದರೂ ಹೆಚ್ಚು ಉತ್ತರಿಸಿದ್ದರೆ? ಇಲ್ಲ.

ವಿಷಯದ ಅಂಕಗಳೂ ಸಮವಾದರೆ ತಪ್ಪುತ್ತರಗಳನ್ನು ಎಣಿಸುವ ಕ್ರಮವೂ ಉಂಟು. ಊಹೆಯಿಂದ ಗುರುತು ಹಾಕುವುದನ್ನು ತಡೆಯುವ ಈ ಕ್ರಮಕ್ಕೆ ಒಂದಿಷ್ಟು ಅರ್ಥವಿದೆಯೆಂದು ಒಪ್ಪೋಣ. ಅದೂ ಸಾಲದಾದಾಗ ಹೊರಬರುತ್ತಿದ್ದ ಎರಡನೆಯ ಅಸ್ತ್ರವೇ ವಯಸ್ಸು.

2020ರ ನೀಟ್‌ನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ 720ಕ್ಕೆ 720 ಪಡೆದರು. ಪೂರ್ತಿ ಅಂಕ ಬಂದ ಮೇಲೆ ವಿಷಯದಲ್ಲಿ ವ್ಯತ್ಯಾಸವೆಲ್ಲಿ, ತಪ್ಪುತ್ತರವೆಲ್ಲಿ? ಕೊನೆಗೆ ಜನ್ಮ ದಿನಾಂಕ ನೋಡಿದರು. ವಯಸ್ಸಿನಲ್ಲಿ ದೊಡ್ಡವನಾದ ಹುಡುಗ ಮೊದಲನೆಯವನಾದ, ಹುಡುಗಿ ಎರಡನೆಯವಳಾದಳು. ಇದಕ್ಕಿಂತ ಹೆಚ್ಚು ಅಂಕ ಗಳಿಸಲು ಆ ಮಗುವಿಗೆ ಸಾಧ್ಯವೇ ಇರಲಿಲ್ಲ. ಆದರೂ ಅವಳು ಎರಡನೆಯವಳು! ಮರುವರ್ಷ, 2021ರಲ್ಲಿ, ಪೂರ್ತಿ ಅಂಕ ಪಡೆದ ಮೂವರಿಗೂ ಮೊದಲ ಸ್ಥಾನ ಹಂಚಿದರು. 2023ರಲ್ಲಿ ಇಬ್ಬರಿಗೆ ಹಂಚಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಹಾಗಾದರೆ 2020ರಲ್ಲಿ ಹಂಚಲು ಅಡ್ಡಿಯಾಗಿದ್ದುದು ಏನು?

“ಹಿರಿಯನಿಗೆ ವಯೋಮಿತಿ ಬೇಗ ಮುಗಿಯುತ್ತದೆ, ಅವನು ಹೆಚ್ಚು ಕಾಲ ಕಾದಿದ್ದಾನೆ” ಎಂಬ ವಾದವಿದೆ. ನೌಕರಿಯ ನೇಮಕಾತಿಯಲ್ಲಿ ಈ ಮಾತಿಗೆ ಸ್ವಲ್ಪ ಬೆಲೆಯುಂಟು. ಪರೀಕ್ಷೆಯ ಸ್ಥಾನಕ್ಕೆ ಇದು ಹೊಂದದು. ದೊಡ್ಡವನು ತಡವಾಗಿ ಶಾಲೆ ಸೇರಿದ ಬಡವನಿರಬಹುದು. ಅಪ್ಪನ ದುಡ್ಡಿನಲ್ಲಿ ಎರಡು ವರ್ಷ ಕೋಚಿಂಗ್ ಕುಳಿತು ಮತ್ತೆ ಮತ್ತೆ ಬರೆದ ಸಿರಿವಂತನೂ ಇರಬಹುದು. ಹುಟ್ಟಿದ ದಿನಾಂಕ ಇವರಿಬ್ಬರ ನಡುವೆ ಭೇದ ಮಾಡಲಾರದು.

ಆ ದಿನಾಂಕವಾದರೂ ಎಲ್ಲಿಂದ ಬಂತು? ಶಾಲೆಯಲ್ಲಿ ಪಾಠ ಹೇಳಿದ ನಮ್ಮಂಥವರಿಗೆ ಇದು ಗೊತ್ತು. ಜನನಪತ್ರವಿಲ್ಲದ ಮಗುವನ್ನು ತಾಯಿ ಕರೆತಂದು, “ಮಳೆ ಹಿಡಿದ ವರ್ಷ ಹುಟ್ಟಿದ್ದು, ಮೇಷ್ಟ್ರೆ” ಎಂದರೆ, ಮೇಷ್ಟರು ಜೂನ್ 1 ಎಂದು ಬರೆದು ರಿಜಿಸ್ಟರು ಮುಚ್ಚುತ್ತಿದ್ದರು. ಹಳ್ಳಿ ಶಾಲೆಗಳ ಹಳೆಯ ರಿಜಿಸ್ಟರು ತೆಗೆದರೆ ಅರ್ಧ ಊರೇ ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ. ಈಗ ಜನನ ನೋಂದಣಿ ಬಹಳ ಮಟ್ಟಿಗೆ ಸುಧಾರಿಸಿದೆ, ನಿಜ. ಆದರೂ ಮೇಷ್ಟರ ಲೇಖನಿಯ ಒಂದು ಗೀಟು ಹದಿನೈದು ವರ್ಷಗಳ ಮೇಲೆ ‘ಅರ್ಹತೆ’ಯಾಗಿ ಎದ್ದು ನಿಲ್ಲುವ ನಿಯಮವನ್ನು ನ್ಯಾಯವೆನ್ನಲು ನಮ್ಮ ಬಾಯಿ ಬಾರದು.

ನೀಟ್‌ನಲ್ಲಿ ಬಿಟ್ಟರೂ ನೇಮಕಾತಿ ಪಟ್ಟಿಗಳಲ್ಲಿ ವಯಸ್ಸಿನ ನಿಯಮ ಜೀವಂತವಾಗಿದೆ. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪ್ರಕಟಣೆಗಳನ್ನು ಓದಿ: ಅಂಕ ಸಮವಾದರೆ ಹಿರಿಯನು ಮೇಲೆ, ಅದೂ ಸಮವಾದರೆ ಹೆಸರಿನ ಅಕ್ಷರಾನುಕ್ರಮ! ಆನಂದನಿಗೆ ಗುಮಾಸ್ತೆಯ ಕೆಲಸ, ಯಲ್ಲಪ್ಪನಿಗೆ ಮನೆಯ ದಾರಿ. ಯೋಗ್ಯತೆಯ ಲೆಕ್ಕ ಮುಗಿದು ಬಹಳ ಹೊತ್ತಾಯಿತೆಂದು ಅಧಿಕಾರಿಗಳೇ ಇಲ್ಲಿ ಒಪ್ಪಿಕೊಂಡಂತಾಯಿತಲ್ಲವೆ?

“ಹಾಗಾದರೆ ಸೀಟು ಒಂದೇ ಇದ್ದಾಗ ಏನು ಮಾಡಬೇಕು?” ಎಂದು ಕೇಳುವವರಿಗೆ ಉತ್ತರ ನಮ್ಮ ದೇಶದಲ್ಲೇ ಇದೆ. ಐ.ಐ.ಟಿ.ಗಳ ಪ್ರವೇಶದಲ್ಲಿಯೂ ಮೊದಲು ವಿಷಯದ ಅಂಕ ನೋಡುತ್ತಾರೆ. ಆದರೆ ಅಷ್ಟರಲ್ಲಿ ಬಗೆಹರಿಯದಿದ್ದರೆ ವಯಸ್ಸಿಗೆ ಹೋಗದೆ ಒಂದೇ ಸ್ಥಾನ ಕೊಡುತ್ತಾರೆ. ಕೊನೆಯ ಸೀಟಿಗೆ ಒಂದೇ ಸ್ಥಾನದ ಇಬ್ಬರು ಬಂದರೆ ಹೆಚ್ಚುವರಿ ಸೀಟು ಸೃಷ್ಟಿಸಿ ಇಬ್ಬರನ್ನೂ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಸಾಧ್ಯವಾದದ್ದು ಬೇರೆ ಕಡೆ ಯಾಕೆ ಆಗದು? ಸಾವಿರಾರು ಮಂದಿ ಒಂದೇ ಮೆಟ್ಟಿಲಿನಲ್ಲಿರುವ ಕಡೆ ಇದು ಪೂರ್ತಿ ಸಾಗದಿದ್ದರೆ, ಎಲ್ಲರ ಎದುರಿನಲ್ಲಿ ಚೀಟಿ ಎತ್ತಲಿ. ಚೀಟಿ ಎತ್ತಿದರೆ ಅದು ಅದೃಷ್ಟವೆಂದು ಸೋತವನಿಗೂ ತಿಳಿಯುತ್ತದೆ. ತಾನು ದಡ್ಡನೆಂಬ ಸುಳ್ಳು ಹಣೆಪಟ್ಟಿಯನ್ನು ಅವನು ಹೊರಬೇಕಾಗಿಲ್ಲ.

ನಮ್ಮ ಬೇಡಿಕೆ ಮೂರು. ಅಂಕ ಸಮವಿದ್ದವರಿಗೆ ಸ್ಥಾನವೂ ಸಮವಿರಲಿ. ಪಟ್ಟಿಯಲ್ಲಿ ಯಾರನ್ನು ಯಾವ ನಿಯಮದಿಂದ ಮೇಲೆ ಕೆಳಗೆ ಮಾಡಿದಿರಿ ಎಂಬುದನ್ನು ಆಯಾ ಹೆಸರಿನ ಮುಂದೆಯೇ ಅಚ್ಚು ಹಾಕಿಸಿ. ಕೊನೆಯ ಸೀಟಿನಲ್ಲಿ ಸಮಾನರಾಗಿ ನಿಂತವರಿಗೆ ಸೀಟು ಹೆಚ್ಚಿಸಿ. ಅಲ್ಲಿಯವರೆಗೆ ಓದುಗರು ತಮ್ಮ ಮಕ್ಕಳ ಪಟ್ಟಿ ಬಂದಾಗ ಸ್ಥಾನವನ್ನಷ್ಟೇ ನೋಡಿ ಮಗುವನ್ನು ಗದರದಿರಲಿ. ಮೇಲಿನ ಹೆಸರಿನ ಒಟ್ಟು ಅಂಕವನ್ನೂ ನೋಡಲಿ. ಎರಡೂ ಒಂದೇ ಆಗಿದ್ದರೆ ಮಗು ಸೋತಿಲ್ಲ. ತಕ್ಕಡಿಯ ಮೇಲೆ ಹೆಬ್ಬೆರಳು ಬಿದ್ದಿದೆ.